ಬಜ್ಪೆ ಬೇರೆ, ಪಣಂಬೂರು ಬೇರೆ

ನಮ್ಮ ಮನೆಯ ಅಟ್ಟದಲ್ಲಿ ಒಂದು ಹಳೆಯ ಸೂಟ್‌ಕೇಸ್ ಉಂಟು. ಅದರ ಹಿಡಿಗೆ ಅಂಟಿದ ವಿಮಾನದ ಪಟ್ಟಿಯನ್ನು ಯಾರೂ ಕಿತ್ತಿಲ್ಲ. ಅದರಲ್ಲಿ ದೊಡ್ಡ ಕಪ್ಪು ಅಕ್ಷರದಲ್ಲಿ `IXE` ಅಂತ ಇದೆ. ಗಲ್ಫಿಗೆ ಹೋಗಿ ಬರುವವರಿರುವ ಮನೆಗಳಲ್ಲಿ ಈ ಮೂರು ಅಕ್ಷರ ಗೊತ್ತಿಲ್ಲದ ಮಕ್ಕಳು ಇಲ್ಲ. ಹಗ್ಗ ಸುತ್ತಿದ ರಟ್ಟಿನ ಪೆಟ್ಟಿಗೆ ಬೆಲ್ಟಿನ ಮೇಲೆ ಬರುವಾಗ ನಾವು ನೋಡುವುದು ಅದನ್ನೇ. `IXE` ಅಂದರೆ ಮಂಗಳೂರು, ಮಂಗಳೂರು ಅಂದರೆ ಮನೆ. ಉಪ್ಪಳದ ನಮಗೆ ಕೇರಳ ಸರಕಾರ ಇರಬಹುದು, ರೇಷನ್ ಕಾರ್ಡು ಮಲಯಾಳದಲ್ಲಿ ಇರಬಹುದು. ಆದರೆ ವಿಮಾನ ಇಳಿಯುವುದು ಬಜ್ಪೆಯಲ್ಲಿ.

ಈ ಮೂರು ಅಕ್ಷರದ ಮೇಲೆ ನಾನು ಇಟ್ಟ ವಿಶ್ವಾಸದಿಂದ ಉಪ್ಪನ ಅಂಗಡಿಯ 86 ಸಾವಿರ ರೂಪಾಯಿ ನಾಲ್ಕು ತಿಂಗಳು ಸಿಕ್ಕಿಬಿದ್ದಿತ್ತು. ತಪ್ಪು ಬೇರೆ ಯಾರದ್ದೂ ಅಲ್ಲ, ನನ್ನದೇ. ಈಗ ನಮ್ಮ ಕಡೆಯ ಎಷ್ಟೋ ಹುಡುಗರು ಸಣ್ಣ ಪ್ರಮಾಣದಲ್ಲಿ ಹೊರದೇಶಕ್ಕೆ ಸಾಮಾನು ಕಳಿಸುತ್ತಿದ್ದಾರೆ. ಅವರಿಗೆ ಉಪಯೋಗವಾಗಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಉಪ್ಪನದ್ದು ಜೀನಸು ಅಂಗಡಿ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಜೆಬೆಲ್ ಅಲಿಯ ಒಂದು ಗೋದಾಮಿನಲ್ಲಿ ಆರು ವರ್ಷ ಫೋರ್ಕ್‌ಲಿಫ್ಟ್ ರಿಪೇರಿ ಮಾಡಿದೆ. ಕೈಯಲ್ಲಿ ಗ್ರೀಸ್ ಇದ್ದರೂ ಕಣ್ಣು ಕಾಗದದ ಮೇಲೆ ಇರುತ್ತಿತ್ತು. ದಿನಾ ನೂರಾರು ಪೆಟ್ಟಿಗೆಗಳ ಕಾಗದ ಅಲ್ಲಿ ಓಡಾಡುತ್ತದೆ. ಆ ಕಾಗದಗಳಲ್ಲಿ ಊರಿನ ಹೆಸರಿನ ಬದಲು ಐದು ಅಕ್ಷರ ಇರುತ್ತಿತ್ತು: `AEJEA`, `LKCMB`, `SGSIN`, `KEMBA`. ಮೊದಲ ವಾರ ನನಗೆ ಅದು ಸ್ಪೇರ್ ಪಾರ್ಟ್ ನಂಬರಿನ ಹಾಗೆ ಕಂಡಿತು. ಜೊತೆಗಿದ್ದ ಕಣ್ಣೂರಿನ ಒಬ್ಬ ಗುಮಾಸ್ತ, ವಯಸ್ಸಾದವರು, ನಾವು ಇಚ್ಚ ಅಂತಲೇ ಕರೆಯುತ್ತಿದ್ದೆವು, ಅವರು ಹೇಳಿಕೊಟ್ಟರು. "ಮೊದಲ ಎರಡನ್ನು ಬೆರಳಿನಿಂದ ಮುಚ್ಚು, ಉಳಿದ ಮೂರು ಊರು. ಆ ಮೂರನ್ನು ಮುಚ್ಚು, ಉಳಿದ ಎರಡು ದೇಶ." ಅಷ್ಟೇ. ಎಇ ಅಂದರೆ ಯುಎಇ, ಜೆಇಎ ಅಂದರೆ ಜೆಬೆಲ್ ಅಲಿ. ಎಲ್‌ಕೆ ಶ್ರೀಲಂಕಾ, ಸಿಎಂಬಿ ಕೊಲಂಬೊ. ಎಸ್‌ಜಿ ಸಿಂಗಾಪುರ, ಎಸ್‌ಐಎನ್ ಅದರ ಬಂದರು. ಕೆಇ ಕೀನ್ಯಾ, ಎಂಬಿಎ ಮೊಂಬಾಸ.

ಇದಕ್ಕೆ ಯುಎನ್ ಲೋಕೋಡ್ ಅಂತ ಹೆಸರು. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗ, ಜಿನೀವಾದಲ್ಲಿರುವುದು, ಈ ಪಟ್ಟಿಯನ್ನು ನಡೆಸುತ್ತದೆ. 1981ರಲ್ಲಿ ಮೊದಲು ಬಂತು. ಈಗ ಒಂದು ಲಕ್ಷಕ್ಕಿಂತ ಹೆಚ್ಚು ಜಾಗಗಳು ಅದರಲ್ಲಿ ಉಂಟು. ಹಡಗಿನ ಬಂದರು ಮಾತ್ರ ಅಲ್ಲ. ರೈಲು ನಿಲ್ದಾಣ, ವಿಮಾನ ನಿಲ್ದಾಣ, ಒಳನಾಡಿನ ಕಂಟೇನರ್ ಡಿಪೋ, ಗಡಿ ದಾಟುವ ಚೆಕ್‌ಪೋಸ್ಟ್, ಸಾಮಾನು ಹತ್ತಿ ಇಳಿಯುವ ಜಾಗ ಯಾವುದೇ ಆದರೂ ಸೇರಬಹುದು. ಪ್ರತಿ ಜಾಗದ ಎದುರಿಗೆ ಒಂದು ಕಾಲಂ ಇದೆ. ಅಲ್ಲಿ ಆ ಜಾಗದಲ್ಲಿ ಏನು ಕೆಲಸ ನಡೆಯುತ್ತದೆ ಅಂತ ಸಂಖ್ಯೆಯಲ್ಲಿ ಹಾಕುತ್ತಾರೆ. 1 ಇದ್ದರೆ ಹಡಗಿನ ಬಂದರು, 2 ರೈಲು, 3 ರಸ್ತೆ, 4 ವಿಮಾನ. ಈ ಕಾಲಮನ್ನು ನೆನಪಿಟ್ಟುಕೊಳ್ಳಿ, ನನ್ನ ಕಥೆ ಬರುವುದೇ ಅಲ್ಲಿಂದ.

ದೇಶದ ಎರಡು ಅಕ್ಷರದಲ್ಲಿ ಮೊದಲ ಗುಂಡಿ ಉಂಟು. ಅದು ಇಂಗ್ಲಿಷ್ ಹೆಸರಿನ ಮೊದಲೆರಡು ಅಕ್ಷರ ಅಂತ ನಾವು ಅಂದಾಜು ಮಾಡುತ್ತೇವೆ. ಕೆಲವು ಸಲ ಸರಿಯಾಗುತ್ತದೆ, ಕೆಲವು ಸಲ ತಪ್ಪುತ್ತದೆ. `SA` ಅಂದರೆ ಸೌದಿ ಅರೇಬಿಯಾ, ದಕ್ಷಿಣ ಆಫ್ರಿಕಾ ಅಲ್ಲ. ದಕ್ಷಿಣ ಆಫ್ರಿಕಾ `ZA`, ಡರ್ಬನ್ ಬಂದರು `ZADUR`. `CH` ಚೀನಾ ಅಲ್ಲ, ಸ್ವಿಟ್ಜರ್‌ಲೆಂಡ್. ಚೀನಾ `CN`. ಜರ್ಮನಿ `DE`, ಸ್ಪೇನ್ `ES`. ಅವರವರ ಭಾಷೆಯಲ್ಲಿ ಅವರ ದೇಶದ ಹೆಸರು ಏನೋ ಅದರಿಂದ ಬಂದದ್ದು. ಇರಾಕ್ `IQ`, ಇರಾನ್ `IR`. ಒಂದು ಅಕ್ಷರದ ಅಂತರದಲ್ಲಿ ಎರಡು ದೇಶ. ಈ ಎರಡು ಅಕ್ಷರಗಳನ್ನು ಬಂದರಿನವರು ಮಾಡಿದ್ದಲ್ಲ. ದೇಶಗಳ ಹೆಸರಿಗೆ ಐಎಸ್‌ಒ ಅಂತ ಒಂದು ಮಾನಕ ಸಂಸ್ಥೆ ಕೊಟ್ಟದ್ದನ್ನು ಹಾಗೇ ತೆಗೆದುಕೊಂಡಿದ್ದಾರೆ.

ಎರಡು ಅಕ್ಷರ ಯಾಕೆ ಬೇಕು ಅಂತ ಒಂದು ಸಲ ಉಪ್ಪ ಕೇಳಿದರು. ಊರಿನ ಹೆಸರು ಸಾಕಲ್ಲ? ನಾನು ಟ್ರಿಪೋಲಿಯ ಉದಾಹರಣೆ ಕೊಟ್ಟೆ. ಲಿಬಿಯಾದಲ್ಲಿ ಟ್ರಿಪೋಲಿ ಅಂತ ರಾಜಧಾನಿ, ಬಂದರೂ ಹೌದು. ಲೆಬನಾನಿನಲ್ಲಿಯೂ ಟ್ರಿಪೋಲಿ ಅಂತ ಬಂದರು ಉಂಟು. ಲಿಬಿಯಾದ್ದು `LYTIP`, ಲೆಬನಾನಿನದ್ದು `LBKYE`. ಹೆಸರು ಬರೆದರೆ ಸಾಮಾನು ಮೆಡಿಟರೇನಿಯನ್ ಸಮುದ್ರದ ಯಾವ ಕಡೆ ಹೋಗುತ್ತದೋ ಗೊತ್ತಿಲ್ಲ. ಉಪ್ಪ ನಕ್ಕರು. ಅವರ ಅಂಗಡಿಯಲ್ಲಿ ಸಾಲದ ಪುಸ್ತಕದಲ್ಲಿ ಹನ್ನೊಂದು ಅಬ್ದುಲ್ಲ ಇದ್ದಾರೆ. ಅವರು ಬರೆಯುವುದು ಮೊದಲು ಊರು, ಆಮೇಲೆ ಹೆಸರು. ಬಂದ್ಯೋಡಿನ ಅಬ್ದುಲ್ಲ, ಕುಂಬಳೆಯ ಅಬ್ದುಲ್ಲ, ಪೈವಳಿಕೆಯ ಅಬ್ದುಲ್ಲ. "ಹಾಗಾದರೆ ನಮ್ಮದೇ ಲೆಕ್ಕ" ಅಂದರು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಊರಿಗೆ ವಾಪಸು ಬಂದ ಮೇಲೆ ಅಂಗಡಿಯ ಹೆಸರಿನಲ್ಲಿಯೇ ರಫ್ತಿನ ನಂಬರು ತೆಗೆದು, ದುಬೈ ದೇರಾದಲ್ಲಿ ಅಂಗಡಿ ಇಟ್ಟಿರುವ ಭಾವನಿಗೆ ಸಾಮಾನು ಕಳಿಸಲು ಸುರು ಮಾಡಿದೆವು. ಉಪ್ಪಿನಕಾಯಿ, ಬಾಳೆಕಾಯಿ ಚಿಪ್ಸ್, ಹಪ್ಪಳ, ತೆಂಗಿನಕಾಯಿ ತುರಿಯುವ ಮಣೆ, ಹಿಡಿಸೂಡಿ ಸಹ. ನಗಬೇಡಿ, ಅಲ್ಲಿ ಹಿಡಿಸೂಡಿಗೆ ಒಳ್ಳೆಯ ಗಿರಾಕಿ. ಇವುಗಳಲ್ಲಿ ಕೆಲವಕ್ಕೆ ತೆರಿಗೆ ಇಲ್ಲ, ಕೆಲವಕ್ಕೆ ಉಂಟು. ತೆರಿಗೆ ಇರುವುದಕ್ಕೆ ನಾವು ಐಜಿಎಸ್‌ಟಿ ಕಟ್ಟಿ ಕಳಿಸುವುದು, ಸಾಮಾನು ದೇಶ ಬಿಟ್ಟ ಮೇಲೆ ಆ ದುಡ್ಡು ವಾಪಸು ಬರುವುದು. ಮುಚ್ಚಳಿಕೆ ಕೊಟ್ಟು ತೆರಿಗೆ ಕಟ್ಟದೆಯೇ ಕಳಿಸುವ ದಾರಿಯೂ ಇದೆ. ನಾವು ಆಗ ಹಿಡಿದದ್ದು ಕಟ್ಟಿ ವಾಪಸು ಪಡೆಯುವ ದಾರಿ.

ಮೊದಲ ಎರಡು ಕಂಟೇನರ್ ಕೊಚ್ಚಿಯಿಂದ ಹೋಯಿತು. ಮೂರನೆಯದು ಮಂಗಳೂರಿನಿಂದ. ಹತ್ತಿರ, ಲಾರಿ ಬಾಡಿಗೆ ಉಳಿಯುತ್ತದೆ. ಕಸ್ಟಮ್ಸ್ ಕೆಲಸಕ್ಕೆ ಏಜೆಂಟ್ ಇದ್ದರು, ಅವರ ಕೆಲಸ ಅವರು ಸರಿಯಾಗಿಯೇ ಮಾಡಿದರು. ಜಿಎಸ್‌ಟಿ ರಿಟರ್ನ್ ಮಾತ್ರ ನಾನೇ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕೂತು ಹಾಕುತ್ತಿದ್ದೆ.

`GSTR-1` ರಿಟರ್ನಿನಲ್ಲಿ ರಫ್ತಿಗೆ `6A` ಅಂತ ಒಂದು ಕೋಷ್ಟಕ ಉಂಟು. ಅಲ್ಲಿ ಬಿಲ್ಲಿನ ಜೊತೆಗೆ ಮೂರು ವಿಷಯ ಕೇಳುತ್ತದೆ: ಶಿಪ್ಪಿಂಗ್ ಬಿಲ್ ನಂಬರು, ಅದರ ತಾರೀಕು, ಪೋರ್ಟ್ ಕೋಡ್. ಈ ಪೋರ್ಟ್ ಕೋಡ್ ಐದು ಅಕ್ಷರದ್ದಲ್ಲ, ಆರು ಅಕ್ಷರದ್ದು. ನಮ್ಮ ಕಸ್ಟಮ್ಸಿನವರು ವಿಶ್ವಸಂಸ್ಥೆಯ ಐದು ಅಕ್ಷರ ತೆಗೆದುಕೊಂಡು ಹಿಂದೆ ಒಂದು ಗುರುತು ಸೇರಿಸುತ್ತಾರೆ. ಹಡಗಿನ ಬಂದರಾದರೆ 1, ವಿಮಾನವಾದರೆ 4, ಒಳನಾಡಿನ ಕಂಟೇನರ್ ಡಿಪೋ ಆದರೆ 6. ಆ ಪಟ್ಟಿಯ ಕಾಲಮಿನಲ್ಲಿ ನಾನು ಹೇಳಿದ ಸಂಖ್ಯೆಗಳನ್ನು ನೋಡಿ, ಅಲ್ಲಿಯೂ ಬಂದರಿಗೆ 1, ವಿಮಾನಕ್ಕೆ 4.

ಕೊಚ್ಚಿಯ ಎರಡು ಸಲ ನಾನು ಹಾಕಿದ್ದು `INCOK1`. ಶಿಪ್ಪಿಂಗ್ ಬಿಲ್ ನೋಡಿ ಹಾಕಿದ್ದು, ಸರಿಯಾಯಿತು. ಎರಡೂ ಸಲ ದುಡ್ಡು ಬಂತು. ಆಗ ನನ್ನ ತಲೆಯಲ್ಲಿ ಒಂದು ಸೂತ್ರ ತಯಾರಾಯಿತು. ಕೊಚ್ಚಿ ವಿಮಾನದ ಪಟ್ಟಿಯಲ್ಲಿಯೂ `COK`, ಬಂದರಿನ ಕಾಗದದಲ್ಲಿಯೂ `COK`. ಹಾಗಾದರೆ ಮುಂದೆ ಐಎನ್, ನಡುವೆ ವಿಮಾನದ ಪಟ್ಟಿಯ ಮೂರು ಅಕ್ಷರ, ಕೊನೆಗೆ ಹಡಗಿಗೆ ಒಂದು. ಡಿಪ್ಲೊಮಾ ಓದಿದವನಿಗೆ ಸೂತ್ರ ಸಿಕ್ಕಿದರೆ ಆಮೇಲೆ ಪುಸ್ತಕ ತೆರೆಯುವ ಅಭ್ಯಾಸ ಇರುವುದಿಲ್ಲ. ಮಂಗಳೂರಿನ ಸರದಿ ಬಂದಾಗ ಶಿಪ್ಪಿಂಗ್ ಬಿಲ್ ಉಪ್ಪನ ಮೇಜಿನ ಡ್ರಾಯರಿನಲ್ಲಿ ಇತ್ತು, ನಾನು ಮನೆಯಲ್ಲಿದ್ದೆ. ನಂಬರು, ತಾರೀಕು ಮೊಬೈಲಿನಲ್ಲಿ ಏಜೆಂಟ್ ಕಳಿಸಿದ್ದರು. ಕೋಡ್ ನಾನೇ ಕಟ್ಟಿದೆ:

```
INIXE1
```

ಆರು ಅಕ್ಷರ ತುಂಬಿತು, ಕಾಲಂ ಏನೂ ತಕರಾರು ಮಾಡಲಿಲ್ಲ. ರಿಟರ್ನ್ ಹೋಯಿತು. ಮಲಗಿದೆ.

ಒಂದು ತಿಂಗಳು ದುಡ್ಡು ಬರಲಿಲ್ಲ. ಕೊಚ್ಚಿಯದ್ದು ಬೇಗ ಬಂದಿತ್ತು, ಇದು ತಡ ಆಗಿರಬಹುದು ಅಂತ ಸುಮ್ಮನಿದ್ದೆ. ಎರಡು ತಿಂಗಳಾಯಿತು. ಅಷ್ಟು ಹೊತ್ತಿಗೆ ಭಾವ ಮುಂದಿನ ಲೋಡಿಗೆ ಪಟ್ಟಿ ಕಳಿಸಿಯಾಗಿತ್ತು. ಉಪ್ಪನ ಕೈಯಲ್ಲಿ ನಗದು ಇಲ್ಲ. ಉಪ್ಪಿನಕಾಯಿ ಮಾಡುವ ಮನೆಗಳಿಗೆ, ಚಿಪ್ಸ್ ಹುರಿಯುವವರಿಗೆ ಮುಂಗಡ ಕೊಡಬೇಕು. ಅವರೆಲ್ಲ ನಮ್ಮ ನೆರೆಕರೆಯವರು, ಸಾಲ ಇಟ್ಟು ಕೆಲಸ ಮಾಡುವಷ್ಟು ಗಟ್ಟಿಯಿಲ್ಲ. ಉಪ್ಪ ನನಗೆ ಏನೂ ಹೇಳಲಿಲ್ಲ. ಆದರೆ ಸಂಜೆ ಅಂಗಡಿಯಲ್ಲಿ ಕೂತು ಹಳೆಯ ಸಾಲದ ಪುಸ್ತಕದ ಹಾಳೆ ತಿರುವುವುದು ನೋಡಿದೆ. ಯಾರ ಹತ್ತಿರ ಕೇಳಬಹುದು ಅಂತ ಹುಡುಕುತ್ತಿದ್ದರು. ಮೂವತ್ತೈದು ವರ್ಷ ಅಂಗಡಿ ನಡೆಸಿದವರು ಯಾರ ಮನೆಗೂ ಹೋಗಿ ಕೇಳಿದವರಲ್ಲ.

ಮೂರನೇ ತಿಂಗಳು ನಾನು ಕಸ್ಟಮ್ಸಿನ ಐಸ್‌ಗೇಟ್ ತಾಣದಲ್ಲಿ ನೋಡಿದೆ. ನಮ್ಮ ಬಿಲ್ಲಿನ ಎದುರಿಗೆ ಒಂದು ಗುರುತು ಇತ್ತು, `SB001`. ಶಿಪ್ಪಿಂಗ್ ಬಿಲ್ಲಿನ ವಿವರ ಸರಿಯಿಲ್ಲ ಅಂತ ಅದರ ಅರ್ಥ. ಏನು ಸರಿಯಿಲ್ಲ ಅಂತ ಅದು ಹೇಳುವುದಿಲ್ಲ. ನಂಬರು ನೋಡಿದೆ, ಸರಿ. ತಾರೀಕು ನೋಡಿದೆ, ಸರಿ. ಮೊತ್ತ ನೋಡಿದೆ, ಸರಿ. ಕೋಡ್ ನೋಡಲೇ ಇಲ್ಲ. ಯಾಕೆಂದರೆ ಅದರ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. `IXE` ಮಂಗಳೂರು, ಇದರಲ್ಲಿ ತಪ್ಪುವುದಕ್ಕೆ ಏನುಂಟು?

ಹಿಡಿದದ್ದು ಉಪ್ಪ. ಅವರಿಗೆ ಇಂಗ್ಲಿಷ್ ಓದಲಿಕ್ಕೆ ಅಷ್ಟು ಬರುವುದಿಲ್ಲ, ಅಕ್ಷರ ಗೊತ್ತುಂಟು. ಒಂದು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿಗೆ ಶಿಪ್ಪಿಂಗ್ ಬಿಲ್ ತೆಗೆದು ಮೇಜಿನ ಮೇಲೆ ಹರಡಿದರು. ನಾನು ಹಾಕಿದ ರಿಟರ್ನಿನ ಪ್ರಿಂಟ್ ಪಕ್ಕದಲ್ಲಿಟ್ಟರು. ಸಾಮಾನಿನ ಚೀಟಿ ತಾಳೆ ನೋಡುವ ಹಾಗೆ ಒಂದೊಂದೇ ಅಕ್ಷರಕ್ಕೆ ಪೆನ್ಸಿಲ್ ಇಡುತ್ತಾ ಬಂದರು. ಬಿಲ್ಲಿನ ಮೇಲ್ಭಾಗದಲ್ಲಿ, ನಂಬರು ಮತ್ತು ತಾರೀಕಿನ ಸಾಲಿನಲ್ಲಿಯೇ, ಇತ್ತು:

```
INNML1
```

"ಮೋನೇ, ಇದೂ ಅದೂ ಒಂದೇ ಅಲ್ಲವಲ್ಲ" ಅಂದರು. ನಾನು, ಅದು ಮಂಗಳೂರೇ, ಬಜ್ಪೆಯಲ್ಲಿ ನಮ್ಮ ಪೆಟ್ಟಿಗೆಗೆ ಹಾಕುವುದು ಅದೇ ಅಲ್ಲವಾ ಅಂದೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ನಮ್ಮ ಉಪ್ಪಿನಕಾಯಿ ವಿಮಾನದಲ್ಲಿ ಹೋಯಿತಾ?"

ನಾನು ಕುರ್ಚಿಯಲ್ಲಿ ಕೂತೆ. ಹೌದಲ್ಲ. ವಿಮಾನ ಬಜ್ಪೆಯಲ್ಲಿ, ಹಡಗು ಪಣಂಬೂರಿನಲ್ಲಿ. ಕೊಚ್ಚಿಯಲ್ಲಿ ಎರಡಕ್ಕೂ ಒಂದೇ ಮೂರು ಅಕ್ಷರ, ಮಂಗಳೂರಿನಲ್ಲಿ ಬೇರೆ ಬೇರೆ. ಪಣಂಬೂರಿನದ್ದು ನವಮಂಗಳೂರು ಬಂದರು. 1974ರಲ್ಲಿ ದೇಶದ ಒಂಬತ್ತನೇ ಪ್ರಮುಖ ಬಂದರಾಗಿ ಘೋಷಣೆಯಾದದ್ದು. ಅದರ ಹೆಸರಿನಲ್ಲಿಯೇ ನ್ಯೂ ಅಂತ ಉಂಟು, ಅದಕ್ಕೆ `NML`. ನಮ್ಮ ಅಜ್ಜಂದಿರಿಗೆ ಬಂದರ್ ಅಂದರೆ ನೇತ್ರಾವತಿ, ಗುರುಪುರ ನದಿ ಸಮುದ್ರ ಸೇರುವಲ್ಲಿನ ಹಳೆಯ ಬಂದರ್, ಅಲ್ಲಿನ ದಕ್ಕೆ. ಅದಕ್ಕೂ ಪಣಂಬೂರಿಗೂ ವ್ಯತ್ಯಾಸ ಉಪ್ಪನಿಗೆ ಚೆನ್ನಾಗಿ ಗೊತ್ತು, ಅವರು ಸಣ್ಣವರಿದ್ದಾಗ ಬಂದರಿನ ಮಂಡಿಯಿಂದ ಸಾಮಾನು ತಂದವರು. ನನ್ನ ತಲೆಮಾರಿಗೆ ಮಂಗಳೂರು ಅಂದರೆ ಎಲ್ಲ ಒಂದೇ ಗುಂಪು.

ಇಲ್ಲಿ ಒಂದು ಮಾತು. ವಿಮಾನ ಕಂಪನಿಗಳ ಮೂರು ಅಕ್ಷರ ಐಎಟಿಎ ಅಂತ ಬೇರೆ ಸಂಸ್ಥೆಯದ್ದು. ಲೋಕೋಡ್ ಮಾಡುವಾಗ ಸಾಧ್ಯವಾದಲ್ಲೆಲ್ಲ ಅದನ್ನೇ ತೆಗೆದುಕೊಂಡರು. ಹಾಗಾಗಿ ಬಹಳ ಕಡೆ ಎರಡೂ ಒಂದೇ: ಕೊಚ್ಚಿ, ಚೆನ್ನೈ `INMAA`, ಜೆಡ್ಡಾ `SAJED`, ದಮ್ಮಾಮ್ `SADMM`. ಈ ಹೊಂದಾಣಿಕೆಯೇ ಮೋಸ ಮಾಡುವುದು. ಬಂದರು ಊರಿನಿಂದ ದೂರ ಇದ್ದು, ತನ್ನದೇ ಹೆಸರು ಇಟ್ಟುಕೊಂಡಿದ್ದರೆ ಅದಕ್ಕೆ ಪ್ರತ್ಯೇಕ ಮೂರು ಅಕ್ಷರ. ಮುಂಬೈ ಬಂದರು `INBOM`, ಆದರೆ ಈಗ ಕಂಟೇನರ್ ಹೆಚ್ಚು ಹೋಗುವುದು ನಾವಾ ಶೇವಾದಿಂದ, ಅದು `INNSA`. ದುಬೈಗೆ ಹೋಗುವ ನಮ್ಮ ಹುಡುಗನ ಸೂಟ್‌ಕೇಸಿಗೆ `DXB`, ದುಬೈಗೆ ಹೋಗುವ ನಮ್ಮ ಉಪ್ಪಿನಕಾಯಿಯ ಕಾಗದಕ್ಕೆ `AEJEA`. ಕುವೈತಿನ ವಿಮಾನಕ್ಕೆ `KWI`, ಹಡಗಿನ ಶುವೈಖ್ ಬಂದರಿಗೆ `KWSWK`. ಕತಾರಿನಲ್ಲಿ ಈಗ ಕಂಟೇನರ್ ಇಳಿಯುವುದು ಹಮದ್ ಬಂದರಿನಲ್ಲಿ, `QAHMD`. ಹಳೆಯ ಕಾಗದ ನೋಡಿ `QADOH` ನಕಲು ಹೊಡೆಯುವವರು ಇನ್ನೂ ಇದ್ದಾರೆ. ನಾನು ಆರು ವರ್ಷ ಜೆಬೆಲ್ ಅಲಿಯಲ್ಲೇ ಕೆಲಸ ಮಾಡಿ, ದುಬೈ ಬೇರೆ ಜೆಬೆಲ್ ಅಲಿ ಬೇರೆ ಅಂತ ದಿನಾ ಕಾಗದದಲ್ಲಿ ನೋಡಿ, ನನ್ನ ಊರಿನಲ್ಲಿ ಅದನ್ನೇ ಮರೆತೆ.

ಹೆಸರು ಬದಲಾದರೂ ಸಾಮಾನ್ಯವಾಗಿ ಅಕ್ಷರ ಬದಲಾಗುವುದಿಲ್ಲ. 2014ರಲ್ಲಿ ಸರಕಾರಿ ಕಾಗದದಲ್ಲಿ ಮ್ಯಾಂಗಲೋರ್ ಹೋಗಿ ಮಂಗಳೂರು ಬಂತು, `NML`, `IXE` ಎರಡೂ ಹಾಗೇ ಇವೆ. ಬಾಂಬೆ ಹೋಗಿ ಮುಂಬೈ ಆದರೂ `BOM` ಹೋಗಲಿಲ್ಲ. ಹಳೆಯ ಕಾಗದಗಳು ಓದದ ಹಾಗೆ ಆಗಬಾರದಲ್ಲ.

ನನಗೆ ಮೆಕ್ಯಾನಿಕಲ್ ತಲೆ ಇರುವುದರಿಂದ ಇನ್ನೊಂದು ಪ್ರಶ್ನೆ ಕಾಡಿತು. ತಪ್ಪು ಕೋಡನ್ನು ಕಂಪ್ಯೂಟರ್ ಯಾಕೆ ಹಿಡಿಯಲಿಲ್ಲ? ಕಂಟೇನರಿನ ಬಾಗಿಲಲ್ಲಿ ಬರೆದಿರುವ ನಂಬರು ನೋಡಿ. ನಾಲ್ಕು ಅಕ್ಷರ, ಆಮೇಲೆ ಆರು ಅಂಕೆ, ಕೊನೆಗೆ ಚೌಕದೊಳಗೆ ಇನ್ನೊಂದು ಅಂಕೆ. ಆ ಚೌಕದ ಅಂಕೆ ಮುಂದಿನ ಹತ್ತನ್ನು ಲೆಕ್ಕ ಹಾಕಿ ಬಂದದ್ದು. ಒಂದು ಅಂಕೆ ತಪ್ಪು ಟೈಪ್ ಮಾಡಿದರೆ ಲೆಕ್ಕ ಕೂಡಿಬರುವುದಿಲ್ಲ, ಕಂಪ್ಯೂಟರ್ ಕೂಡಲೇ ಬೊಬ್ಬೆ ಹಾಕುತ್ತದೆ. ಲೋಕೋಡಿನಲ್ಲಿ ಅಂಥ ಕಾವಲುಗಾರ ಇಲ್ಲ. ಐದೂ ಅಕ್ಷರ ಜಾಗಕ್ಕೇ ಖರ್ಚಾಗಿವೆ. ಒಂದು ಅಕ್ಷರ ತಪ್ಪಿದರೆ ಅದು ಇನ್ನೊಂದು ಊರಾಗಿಬಿಡಬಹುದು. ನಮ್ಮ ಹತ್ತಿರದ್ದೇ ಉದಾಹರಣೆ: ಕೋಝಿಕ್ಕೋಡ್ `INCCJ`, ಕೊಲ್ಕತ್ತಾ `INCCU`. ಕ್ಯಾಲಿಕಟ್ ಮತ್ತು ಕ್ಯಾಲ್ಕಟಾ. ಅರಬೀ ಸಮುದ್ರಕ್ಕೂ ಬಂಗಾಳ ಕೊಲ್ಲಿಗೂ ಒಂದು ಅಕ್ಷರದ ದೂರ.

ಒಂದೇ ಒಂದು ಜಾಗ್ರತೆ ಅವರು ಮಾಡಿದ್ದಾರೆ. ಮೂರು ಅಕ್ಷರದ ಜೋಡಣೆ ಮುಗಿದುಹೋದ ದೇಶಗಳಲ್ಲಿ ಅಂಕೆ ಸೇರಿಸುತ್ತಾರೆ, 2ರಿಂದ 9ರವರೆಗೆ ಮಾತ್ರ. ಸೊನ್ನೆ ಮತ್ತು ಒಂದು ಬರುವುದಿಲ್ಲ, ಅವು ಒ ಮತ್ತು ಐ ಅಕ್ಷರದ ಹಾಗೆ ಕಾಣುತ್ತವೆ. ಹಾಗಾಗಿ ಐದು ಅಕ್ಷರದ ಕೋಡಿನಲ್ಲಿ ನಿಮಗೆ ಸೊನ್ನೆ ಕಂಡರೆ ಅದು ಸೊನ್ನೆಯಲ್ಲ, ಒ. ಟೈಪ್ ಮಾಡಿದವರು ತಪ್ಪಿದ್ದಾರೆ ಅಂತಲೇ ತಿಳಿಯಿರಿ. `INCOK` ಅನ್ನು ಸೊನ್ನೆ ಹಾಕಿ ಬರೆದ ಚೀಟಿಯನ್ನು ನಾನು ಜೆಬೆಲ್ ಅಲಿಯಲ್ಲಿ ಕಣ್ಣಾರೆ ನೋಡಿದ್ದೇನೆ.

ನನ್ನ ಪ್ರಕರಣದಲ್ಲಿ ಆದದ್ದು ಹೀಗೆ. ಜಿಎಸ್‌ಟಿಯವರು ನಮ್ಮ ಬಿಲ್ಲಿನ ವಿವರವನ್ನು ಕಸ್ಟಮ್ಸಿಗೆ ಕಳಿಸುತ್ತಾರೆ. ಕಸ್ಟಮ್ಸಿನವರು ಆ ಬಂದರಿನ ಪುಸ್ತಕದಲ್ಲಿ ಆ ತಾರೀಕಿನ ಆ ನಂಬರಿನ ಶಿಪ್ಪಿಂಗ್ ಬಿಲ್ ಹುಡುಕುತ್ತಾರೆ. ನಾನು ಕೊಟ್ಟ ವಿಳಾಸಕ್ಕೆ ಹೋಗಿ ಹುಡುಕಿದರೆ ಅಲ್ಲಿ ಅಂಥ ಬಿಲ್ ಇಲ್ಲ. ಬಿಲ್ ಇರುವುದು ಪಣಂಬೂರಿನ ಪುಸ್ತಕದಲ್ಲಿ. ನಂಬರು, ತಾರೀಕು, ಕೋಡ್ ಮೂರೂ ಹೊಂದಿದರೆ ಮಾತ್ರ ಬಿಲ್ ತಾಳೆಯಾಗುತ್ತದೆ. ಸಾಮಾನು ದುಬೈ ಮುಟ್ಟಿ, ಮಾರಿ, ತಿಂದು ಮುಗಿದಾಗಿತ್ತು. ಕಾಗದದಲ್ಲಿ ಮಾತ್ರ ಅದು ಹೊರಟೇ ಇರಲಿಲ್ಲ.

ಸರಿಪಡಿಸುವುದು ಕಷ್ಟವೇನಲ್ಲ. ಕಳಿಸಿದ ರಿಟರ್ನನ್ನು ತಿದ್ದಲಿಕ್ಕೆ ಆಗುವುದಿಲ್ಲ, ಮುಂದೆ ಹಾಕುವ `GSTR-1`ರಲ್ಲಿ `9A` ಕೋಷ್ಟಕಕ್ಕೆ ಹೋಗಬೇಕು. ಅಲ್ಲಿ ಹಳೆಯ ಬಿಲ್ ನಂಬರು ಕೊಟ್ಟರೆ ಅದು ತೆರೆದುಕೊಳ್ಳುತ್ತದೆ. ನಾನು ಕೋಡ್ ಒಂದನ್ನೇ ಬದಲಿಸಿದೆ, ಮೊತ್ತ ಮುಟ್ಟಲಿಲ್ಲ. ಈ ಸಲ ಉಪ್ಪನನ್ನು ಪಕ್ಕದಲ್ಲಿ ಕೂರಿಸಿ, ಅವರು ಶಿಪ್ಪಿಂಗ್ ಬಿಲ್ ಹಿಡಿದು ಒಂದೊಂದೇ ಅಕ್ಷರ ಹೇಳಿದರು: ಐ, ಎನ್, ಎನ್, ಎಂ, ಎಲ್, ಒಂದು. ರಿಟರ್ನ್ ಹೋಯಿತು, ಆಮೇಲೆ ಕೆಲವು ವಾರದಲ್ಲಿ ದುಡ್ಡು ಅಂಗಡಿಯ ಖಾತೆಗೆ ಬಂತು. ಆ ನಡುವೆ ಉಪ್ಪ ಯಾರ ಮನೆಗೂ ಹೋಗಬೇಕಾಗಿ ಬರಲಿಲ್ಲ. ಉಮ್ಮ ತನ್ನ ಎರಡು ಬಳೆ ಅಡವಿಟ್ಟದ್ದು ನನಗೆ ಗೊತ್ತಾದದ್ದು ಬಿಡಿಸಿ ತಂದ ಮೇಲೆ.

ಒಳನಾಡಿನವರಿಗೆ ಇದಕ್ಕಿಂತ ದೊಡ್ಡ ಗೊಂದಲ ಆಗಬಹುದು. ಬೆಂಗಳೂರಿನ ವೈಟ್‌ಫೀಲ್ಡ್ ಡಿಪೋದಲ್ಲಿ ಕಸ್ಟಮ್ಸ್ ಮುಗಿಸಿ ರೈಲಿನಲ್ಲಿ ಚೆನ್ನೈಗೆ ಕಳಿಸಿ ಅಲ್ಲಿಂದ ಹಡಗು ಹತ್ತಿಸುತ್ತಾರೆ ಅಂತ ಇಟ್ಟುಕೊಳ್ಳಿ. ಹಡಗು ಹತ್ತಿದ್ದು ಚೆನ್ನೈಯಲ್ಲಿ ಅಂತ `INMAA1` ಹಾಕಿದರೆ ತಪ್ಪು. ಶಿಪ್ಪಿಂಗ್ ಬಿಲ್ ಎಲ್ಲಿ ಹಾಕಿದ್ದೋ ಅಲ್ಲಿಯದ್ದು ಬೇಕು, ಅಂದರೆ `INWFD6`. ನೀರು ಕಾಣದ ಜಾಗಕ್ಕೂ ಪೋರ್ಟ್ ಕೋಡ್ ಇರುತ್ತದೆ ಅನ್ನುವುದು ನನಗೂ ಮೊದಲು ವಿಚಿತ್ರ ಕಂಡಿತ್ತು.

ಈಗ ಹೊಸ ಕಂಟೇನರ್ ಹೋಗುವಾಗ ನಾನು ಮತ್ತು ಉಪ್ಪ ಕಾಗದ ಓದುವ ಕ್ರಮ ಇದು. ಹಡಗಿನ ಬಿಲ್ಲಿನಲ್ಲಿ ಹತ್ತುವ ಬಂದರು, ಇಳಿಯುವ ಬಂದರು ಬೇರೆ ಬೇರೆ ಚೌಕದಲ್ಲಿ ಇರುತ್ತದೆ. ಮೊದಲು ಎರಡು ಅಕ್ಷರ ಓದಿ ದೇಶ ಸರಿಯಾ ನೋಡುತ್ತೇವೆ. ಆಮೇಲೆ ಮೂರು ಅಕ್ಷರ ಓದಿ, ಇದು ಊರಾ ಬಂದರಾ ಅಂತ ನೋಡುತ್ತೇವೆ. ಸಂಶಯ ಬಂದರೆ ನನ್ನ ನೆನಪನ್ನು ನಂಬುವುದಿಲ್ಲ, ಪಟ್ಟಿ ತೆರೆದು ಆ ಸಾಲಿನ ಕಾಲಮಿನಲ್ಲಿ 1 ಉಂಟಾ ನೋಡುತ್ತೇವೆ. ಪಟ್ಟಿ ಪುಕ್ಕಟೆ ಸಿಗುತ್ತದೆ, ದೇಶವಾರು ತೆರೆದುಕೊಳ್ಳುತ್ತದೆ. ರಿಟರ್ನಿಗೆ ಬೇಕಾದ ಆರನೇ ಅಕ್ಷರ ಮಾತ್ರ ಆ ಪಟ್ಟಿಯಲ್ಲಿ ಇಲ್ಲ. ಅದಕ್ಕೆ ಶಿಪ್ಪಿಂಗ್ ಬಿಲ್ಲಿನ ತಲೆಯೇ ಆಧಾರ.

ನಡುವೆ ಕೊಲಂಬೊದಲ್ಲಿ ಹಡಗು ಬದಲಾಯಿಸಿದರೆ ಟ್ರ್ಯಾಕಿಂಗಿನಲ್ಲಿ `LKCMB` ಕಾಣುತ್ತದೆ. ಮೊದಲ ಸಲ ಅದು ಕಂಡಾಗ ಭಾವ ಗಾಬರಿಯಿಂದ ಫೋನ್ ಮಾಡಿದ್ದ, ನಮ್ಮ ಪೆಟ್ಟಿಗೆ ಲಂಕೆಗೆ ಯಾಕೆ ಹೋಯಿತು ಅಂತ. ಅದು ಬಸ್ಸು ಬದಲಿಸುವ ಸ್ಟ್ಯಾಂಡಿನ ಹಾಗೆ, ಕೊನೆಯ ಚೌಕದಲ್ಲಿ `AEJEA` ಇದ್ದರೆ ನಿದ್ದೆ ಮಾಡು ಅಂದೆ.

ಮೊನ್ನೆ ತಂಗಿಯ ಮಗ ಅಟ್ಟ ಹತ್ತಿ ಆ ಹಳೆಯ ಸೂಟ್‌ಕೇಸ್ ಕೆಳಗೆ ತಂದ. ಪಟ್ಟಿ ಓದಿ, "ಐಎಕ್ಸ್‌ಇ ಅಂದರೆ ಮಂಗಳೂರು" ಅಂದ. ಉಪ್ಪ ಜಗಲಿಯಲ್ಲಿ ಹಿಡಿಸೂಡಿಯ ಕಟ್ಟು ಲೆಕ್ಕ ಹಾಕುತ್ತಿದ್ದರು. ತಲೆ ಎತ್ತದೆ ಹೇಳಿದರು, "ಬಜ್ಪೆ, ಮೋನೇ. ಬಜ್ಪೆ."